5 ಲಕ್ಷ ದಾಟಿದರೂ ಪೂರ್ತಿ ಮಾರಾಟಕ್ಕೆ 3% ಯಾಕೆ ಸಿಗಲಿಲ್ಲ?

ಪ್ರಶ್ನೆ: ಚಿಂತಾಮಣಿಯಲ್ಲಿ ಮೋಟಾರು, ಪೈಪು ಮಾರುವ ಅಂಗಡಿಯಲ್ಲಿ ಸೇಲ್ಸ್‌ನಲ್ಲಿದ್ದೇನೆ. ತಿಂಗಳ ಮಾರಾಟ 2 ಲಕ್ಷದವರೆಗೆ 1%, 2ರಿಂದ 5 ಲಕ್ಷಕ್ಕೆ 2%, 5 ಲಕ್ಷದ ಮೇಲೆ 3% ಕಮಿಷನ್ ಅಂತ ಮಾತಾಗಿತ್ತು. ಈ ತಿಂಗಳು 6,20,000 ಮಾರಿದೆ. 3% ಅಂದರೆ 18,600 ಬರಬೇಕು. ಕೊಟ್ಟಿದ್ದು 11,600. ಇದು ಮೋಸ ಅಲ್ವಾ?

ಉತ್ತರ:

ಮೋಸ ಅಲ್ಲ ಅನ್ನಿಸುತ್ತೆ. 11,600 ಅನ್ನೋ ಅಂಕಿಯೇ ಅದನ್ನು ಹೇಳುತ್ತಿದೆ. ನಾನು ಕೋಲಾರದಲ್ಲಿ ಇದೇ ತರಹದ ಅಂಗಡಿಯೊಂದರ ಲೆಕ್ಕ ಬರೆಯುತ್ತೇನೆ. ಪ್ರತಿ ತಿಂಗಳು 5ನೇ ತಾರೀಕು ನಮ್ಮ ಹುಡುಗರ ಕಮಿಷನ್ ಚೀಟಿ ಬರೆಯುವುದು ನಾನೇ. ನೀವು ಕೇಳಿದ ಪ್ರಶ್ನೆಯನ್ನು ಹೊಸದಾಗಿ ಸೇರಿದ ಪ್ರತಿಯೊಬ್ಬನೂ ಮೊದಲ ಒಳ್ಳೆ ತಿಂಗಳಲ್ಲಿ ಕೇಳುತ್ತಾನೆ.

ನಾನು ಅವರಿಗೆ ಕೆರೆ ಲೆಕ್ಕ ಹೇಳುತ್ತೇನೆ. ನಮ್ಮ ಕಡೆ ಕೆರೆಗಳು ಸಾಲಾಗಿವೆ, ನಿಮಗೂ ಗೊತ್ತು. 2018ರಲ್ಲಿ ಕೆ.ಸಿ. ವ್ಯಾಲಿ ನೀರು ಮೊದಲು ಬಂದಿದ್ದು ಲಕ್ಷ್ಮೀಸಾಗರ ಕೆರೆಗೆ. ಅದು ತುಂಬಿ ಕೋಡಿ ಬಿದ್ದ ಮೇಲೆ ನೀರು ಮುಂದಿನ ಕೆರೆಗೆ ಹರಿಯಿತು. ಕೋಡಿ ಬಿತ್ತು ಅಂತ ಮೇಲಿನ ಕೆರೆ ನೀರೆಲ್ಲ ಕೆಳಗೆ ಇಳಿದುಬಿಡುವುದಿಲ್ಲ. ಅದರ ಪಾಲು ಅದರಲ್ಲೇ ನಿಲ್ಲುತ್ತೆ, ಹೆಚ್ಚಾಗಿದ್ದು ಮಾತ್ರ ಮುಂದಕ್ಕೆ ಹೋಗುತ್ತೆ.

ನಿಮ್ಮ ಮಾರಾಟವೂ ಹಾಗೇ. ಮೊದಲ ಕೆರೆಗೆ 2 ಲಕ್ಷ ಹಿಡಿಯುತ್ತೆ, ಅದಕ್ಕೆ 1%. ಅಲ್ಲಿ 2,000 ಬಂತು. ಎರಡನೇ ಕೆರೆಗೆ 3 ಲಕ್ಷ ಹಿಡಿಯುತ್ತೆ, ಅದಕ್ಕೆ 2%. ಅಲ್ಲಿ 6,000. ಇಷ್ಟಕ್ಕೆ 5 ಲಕ್ಷ ಮುಗಿಯಿತು. ಉಳಿದ 1,20,000 ಮಾತ್ರ ಮೂರನೇ ಕೆರೆಗೆ ಹೋಯಿತು. ಅದರ 3% ಅಂದರೆ 3,600. ಎಲ್ಲ ಕೂಡಿದರೆ ಸರಿಯಾಗಿ 11,600. ಇನ್‌ಕಮ್ ಟ್ಯಾಕ್ಸ್ ಸ್ಲ್ಯಾಬ್ ಲೆಕ್ಕವೂ ಇದೇ. ಅಲ್ಲಿ ಹಣ ಕೊಡುವವರು ನಾವು, ಹಾಗಾಗಿ ಯಾರೂ ತಕರಾರು ತೆಗೆಯಲ್ಲ ಅಷ್ಟೇ.

ಪ್ರತಿ ಸಲ ಮೂರು ತುಂಡು ಮಾಡುವುದು ಬೇಜಾರಾದರೆ ಒಂದು ಒಳದಾರಿ ಇದೆ. 5 ಲಕ್ಷ ದಾಟಿದ ತಿಂಗಳಲ್ಲಿ ಪೂರ್ತಿ ಮಾರಾಟದ 3% ತೆಗೆದು 7,000 ಕಳೆಯಿರಿ. 2ರಿಂದ 5 ಲಕ್ಷದ ಒಳಗಿದ್ದರೆ ಪೂರ್ತಿಗೆ 2% ತೆಗೆದು 2,000 ಕಳೆಯಿರಿ. ನಿಮ್ಮದು 18,600ರಲ್ಲಿ 7,000 ಹೋದರೆ 11,600. ಈ 7,000 ಎಲ್ಲಿಂದ ಬಂತು ಅಂದರೆ, ಮೊದಲ 2 ಲಕ್ಷಕ್ಕೆ 3% ಬದಲು 1% ಸಿಕ್ಕಿದ್ದರಿಂದ 4,000 ಕಮ್ಮಿ, ನಂತರದ 3 ಲಕ್ಷಕ್ಕೆ 3% ಬದಲು 2% ಸಿಕ್ಕಿದ್ದರಿಂದ 3,000 ಕಮ್ಮಿ. ನೀವು 6 ಲಕ್ಷ ಮಾರಿ, 16 ಲಕ್ಷ ಮಾರಿ, ಈ 7,000 ಬದಲಾಗಲ್ಲ. ಹಾಗಾಗಿ ಮುಂದೆ 5 ಲಕ್ಷ ದಾಟಿದ ಯಾವ ತಿಂಗಳಾದರೂ ನಿಮ್ಮ 3% ಲೆಕ್ಕಕ್ಕೂ ಕೈಗೆ ಬಂದಿದ್ದಕ್ಕೂ ಸರಿಯಾಗಿ 7,000 ವ್ಯತ್ಯಾಸ ಇದ್ದರೆ ಸ್ಲ್ಯಾಬ್ ಸರಿಯಾಗಿದೆ. 7,900 ಇದ್ದರೆ ಬೇರೇನೋ ಕಳೆದಿದ್ದಾರೆ, ಕೇಳಿ.

ಮೊಬೈಲ್‌ನಲ್ಲಿ ಶೀಟ್ ಇಟ್ಟುಕೊಳ್ಳುವುದಾದರೆ A2ನಲ್ಲಿ ಮಾರಾಟ ಹಾಕಿ, ಪಕ್ಕದಲ್ಲಿ ಇದನ್ನು ಹಾಕಿ:

```
=A2*1% + MAX(0,A2-200000)*1% + MAX(0,A2-500000)*1%
```

ಮೂರು ಕಡೆಯೂ 1% ಇರುವುದು ನೋಡಿ ತಪ್ಪು ಅಂದುಕೊಳ್ಳಬೇಡಿ. ಒಂದೊಂದು ಗಡಿ ದಾಟಿದಾಗಲೂ ರೇಟು ಒಂದೊಂದು ಪರ್ಸೆಂಟ್ ಏರುತ್ತೆ ಅಲ್ವಾ, ಆ ಏರಿಕೆಯನ್ನು ಮಾತ್ರ ಸೇರಿಸುತ್ತಾ ಹೋಗುವುದು. 6,200, 4,200, 1,200. ಕೂಡಿ ನೋಡಿ.

ಪೂರ್ತಿ ಮಾರಾಟಕ್ಕೆ ಮೇಲಿನ ರೇಟು ಕೊಡುವ ಅಂಗಡಿಗಳೂ ಇವೆ. ನಮ್ಮಲ್ಲೂ ಮೊದಲು ಹಾಗೇ ಇತ್ತು, ಇದೇ ಸ್ಲ್ಯಾಬುಗಳು. ಒಂದು ತಿಂಗಳ ಕೊನೆಯ ದಿನ ಸಂಜೆ ಒಬ್ಬ ಹುಡುಗನ ಮಾರಾಟ 4,96,000ಕ್ಕೆ ನಿಂತಿತ್ತು. ಹಾಗೇ ಬಿಟ್ಟರೆ 2%, ಅಂದರೆ 9,920. ಅವನು ತನ್ನ ಮಾವನ ಹೆಸರಲ್ಲಿ 9,000 ರೂಪಾಯಿಯ ಒಂದು ಚಿಕ್ಕ ಮೋಟಾರು ಬಿಲ್ ಹಾಕಿಸಿದ. ಮಾರಾಟ 5,05,000 ಆಯಿತು, ಪೂರ್ತಿಗೆ 3% ಬಿತ್ತು, 15,150 ಕಮಿಷನ್. 9,000ದ ಮೋಟಾರಿಗೆ 5,230 ಕಮಿಷನ್! ಮೂರನೇ ತಾರೀಕು ಮಾವನಿಗೆ ಮೋಟಾರು ಬೇಡವಾಯಿತು, ಡಬ್ಬಿ ಕೂಡ ಒಡೆಯದೆ ವಾಪಸ್ ಬಂತು. ಹುಡುಗನನ್ನು ಬೈದು ಏನು ಪ್ರಯೋಜನ? ಲೆಕ್ಕದಲ್ಲೇ ಗುಂಡಿ ಇತ್ತು. ಅದೇ ಬಿಲ್ ಈಗಿನ ಪದ್ಧತಿಯಲ್ಲಿ ಬಿದ್ದಿದ್ದರೆ 7,920 ಇದ್ದದ್ದು 8,150 ಆಗುತ್ತಿತ್ತು. ಬರೀ 230 ರೂಪಾಯಿಗೆ ಮಾವನನ್ನು ಯಾರು ಕರೆತರುತ್ತಾರೆ? ಆ ವರ್ಷವೇ ನಮ್ಮ ಯಜಮಾನರು ಪದ್ಧತಿ ಬದಲಾಯಿಸಿದರು. ಹುಡುಗರಿಗೆ ಕೈಗೆ ಬರುವುದು ಕಮ್ಮಿಯಾಯಿತು, ಅದು ನಿಜ. ನಾವು ಸ್ಲ್ಯಾಬ್ ರೇಟು ಏರಿಸಬೇಕಿತ್ತು ಅನ್ನೋದು ನನ್ನ ಅಭಿಪ್ರಾಯ. ಏರಿಸಲಿಲ್ಲ.

ಹಾಗಾಗಿ ನಿಮಗೆ ಮಾತಾಗಿದ್ದು ಯಾವ ಪದ್ಧತಿ ಅನ್ನುವುದು ಮುಖ್ಯ. "5 ಲಕ್ಷದ ಮೇಲೆ 3%" ಅನ್ನೋ ಮಾತಿಗೆ ಎರಡೂ ಅರ್ಥ ಬರುತ್ತೆ. "5 ಲಕ್ಷದ ಮೇಲಿನ ಮೊತ್ತಕ್ಕೆ 3%" ಅಂತ ಬರೆದಿದ್ದರೆ ಅನುಮಾನವೇ ಇಲ್ಲ, 11,600 ಸರಿ. "ಮಾರಾಟ 5 ಲಕ್ಷ ದಾಟಿದರೆ ಒಟ್ಟು ಮಾರಾಟಕ್ಕೆ 3%" ಅಂತಿದ್ದರೆ ನೀವು ಕೇಳುವುದು ಸರಿ. ಏನೂ ಬರೆದಿಲ್ಲ ಅಂದರೆ ಹಳೇ ಚೀಟಿಗಳನ್ನು ತೆಗೆಯಿರಿ. ಉದಾಹರಣೆಗೆ ಹಿಂದಿನ ಯಾವುದೋ ತಿಂಗಳು 3,40,000 ಮಾರಿದ್ದೀರಿ ಅಂದುಕೊಳ್ಳಿ. ಆಗ 4,800 ಬಂದಿದ್ದರೆ ಮೊದಲಿಂದಲೂ ಇದೇ ಪದ್ಧತಿ. 6,800 ಬಂದಿದ್ದರೆ ನಿಮಗೆ ಹೇಳದೆ ಪದ್ಧತಿ ಬದಲಾಯಿಸಿದ್ದಾರೆ. ಆ ಚೀಟಿ ಇಟ್ಟುಕೊಂಡೇ ಮಾತಾಡಿ. 2 ಲಕ್ಷದ ಒಳಗಿನ ತಿಂಗಳ ಚೀಟಿ ನೋಡಬೇಡಿ, ಅಲ್ಲಿ ಎರಡು ಪದ್ಧತಿಗೂ ಒಂದೇ ಉತ್ತರ ಬರುತ್ತೆ.

ಗಲಾಟೆಗೆ ಹೊರಡುವ ಮೊದಲು ಇನ್ನೊಂದು ವಿಷಯ. ಈ 6,20,000 ಅನ್ನುವುದನ್ನು ನೀವು ಎಲ್ಲಿಂದ ಕೂಡಿದಿರಿ? ಬಿಲ್‌ನ ಕೊನೇ ಸಾಲಿನಿಂದ ಕೂಡಿದ್ದರೆ ಅದರಲ್ಲಿ ಜಿಎಸ್‌ಟಿ ಸೇರಿದೆ. ಮೋಟಾರು, ಪಿವಿಸಿ ಪೈಪಿಗೆ 18%. ಆ ದುಡ್ಡು ಅಂಗಡಿಯದ್ದಲ್ಲ, ಸರ್ಕಾರದ್ದು. ಅದಕ್ಕೇ ತುಂಬ ಅಂಗಡಿಯವರು ಜಿಎಸ್‌ಟಿ ಬಿಟ್ಟು ಮಾರಾಟ ಹಿಡಿಯುತ್ತಾರೆ. ಹಾಗೆ ಹಿಡಿದರೆ 6,20,000ವನ್ನು 1.18ರಿಂದ ಭಾಗಿಸಬೇಕು, ಸುಮಾರು 5,25,424 ಆಗುತ್ತೆ. ಒಳದಾರಿ ಲೆಕ್ಕ ಹಾಕಿ: 3% ಅಂದರೆ 15,763, ಅದರಲ್ಲಿ 7,000 ಹೋದರೆ 8,763. ಅಂದರೆ ನಿಮಗೆ ಜಿಎಸ್‌ಟಿ ಸೇರಿಸಿಯೇ 11,600 ಕೊಟ್ಟಿದ್ದರೆ ನಿಮ್ಮ ಯಜಮಾನರು ಧಾರಾಳಿ. ನೀವು ಹೋಗಿ ಕೆದಕಿದರೆ ಅವರಿಗೆ ಇದೂ ನೆನಪಾಗಬಹುದು!

ಇಲ್ಲಿ ಒಂದು ಸೂಕ್ಷ್ಮ ಗಮನಿಸಿ. ಮಾರಾಟದಲ್ಲಿ ಸುಮಾರು 94,600 ಕಮ್ಮಿಯಾಯಿತು. ನಿಮ್ಮ ಕಮಿಷನ್ ಸರಾಸರಿ 2%ಗಿಂತ ಕಮ್ಮಿಯೇ ಇದೆ, ಆದರೆ ಇಷ್ಟು ಹಣಕ್ಕೆ ಕಳೆದುಕೊಂಡಿದ್ದು ಪೂರ್ತಿ 3% ಲೆಕ್ಕದಲ್ಲಿ. ನೀರು ಕಮ್ಮಿಯಾದರೆ ಮೊದಲು ತಪ್ಪುವುದು ಕೊನೇ ಕೆರೆಗೆ. ಸ್ಲ್ಯಾಬ್‌ನಲ್ಲಿ ಏನೇ ಕಳೆದರೂ ಮೇಲಿನ ರೇಟಿನಿಂದಲೇ ಕಳೆಯುತ್ತೆ.

ಇದು ನಿಜವಾಗಿ ಕಾಡುವುದು ವಾಪಸ್ ಬಂದ ಮಾಲಿನಲ್ಲಿ. ನಮ್ಮ ವ್ಯಾಪಾರದಲ್ಲಿ ಇದು ತಪ್ಪಿದ್ದಲ್ಲ. ಬೋರ್‌ನಲ್ಲಿ ನೀರು ಅಂದುಕೊಂಡಷ್ಟು ಇಲ್ಲ ಅಂತ ದೊಡ್ಡ ಮೋಟಾರು ಕೊಟ್ಟು ಚಿಕ್ಕದು ತಗೊಂಡು ಹೋಗುತ್ತಾರೆ, ಉಳಿದ ಪೈಪು ತಂದು ಹಾಕುತ್ತಾರೆ. ಬರುವುದು ಮುಂದಿನ ತಿಂಗಳು. ಆಗ ಯಾವ ತಿಂಗಳಿಂದ ಕಳೆಯಬೇಕು?

ನಿಮ್ಮ 6,20,000ದಲ್ಲಿ 50,000ದ ಮಾಲು ವಾಪಸ್ ಬಂತು ಅನ್ನಿ. ಮಾರಿದ ತಿಂಗಳಿಗೇ ಹೋಗಿ ತಿದ್ದಿದರೆ 5,70,000ಕ್ಕೆ 10,100, ಅಂದರೆ 1,500 ವಾಪಸ್ ಕೊಡಬೇಕು. ವಾಪಸ್ ಬಂದ ತಿಂಗಳಲ್ಲಿ ಕಳೆದರೆ, ಆ ತಿಂಗಳ ಮಾರಾಟ 1,60,000 ಮಾತ್ರ ಇದ್ದರೆ ಹೋಗುವುದು 1%, ಬರೀ 500. ನಿಮಗೆ 1,000 ಲಾಭ. ಉಲ್ಟಾ ಆದರೆ? ಮಳೆಗಾಲದ ಡಲ್ ತಿಂಗಳಲ್ಲಿ ಮಾರಿ 1% ಅಂತ 500 ಪಡೆದ ಮಾಲು ಸೀಸನ್ ತಿಂಗಳಲ್ಲಿ ವಾಪಸ್ ಬಂದರೆ 1,500 ಕಿತ್ತುಕೊಳ್ಳುತ್ತೆ. ಬಾರದೇ ಇದ್ದ ಕಮಿಷನ್ನನ್ನು ಕೈಯಿಂದ ಕಟ್ಟಿದ ಹಾಗೆ. ಬಿಲ್ಲಿಂಗ್ ಸಾಫ್ಟ್‌ವೇರ್ ತಾನಾಗಿಯೇ ವಾಪಸ್ ಬಂದ ತಿಂಗಳಿಗೆ ಹಾಕುತ್ತೆ, ಬೇಕಂತ ಯಾರೂ ಮಾಡಿರುವುದಿಲ್ಲ. ನಾನು ಮಾತ್ರ ಹಳೇ ತಿಂಗಳನ್ನೇ ತೆರೆದು ತಿದ್ದುತ್ತೇನೆ. ಕೆಲಸ ಜಾಸ್ತಿ, ಆದರೆ ಅದೇ ನ್ಯಾಯ.

ಯಜಮಾನರ ಹತ್ತಿರ ಹೋದಾಗ ಹೊಸ ಪದಗಳನ್ನು ಹುಡುಕಿ ಕರಾರು ಬರೆಸಲು ಹೋಗಬೇಡಿ. ಒಂದು ಹಾಳೆಯಲ್ಲಿ ಮೂರು ಸ್ಲ್ಯಾಬ್ ಬರೆದು, ಕೆಳಗೆ ಈ ತಿಂಗಳದ್ದೇ ಲೆಕ್ಕ, 2,000, 6,000, 3,600 ಅಂತ ಬರೆಯಿರಿ. ಜಿಎಸ್‌ಟಿ ಸೇರಿಸಿಯೋ ಬಿಟ್ಟೋ, ವಾಪಸ್ ಮಾಲು ಯಾವ ತಿಂಗಳಿಗೋ ಅನ್ನುವುದನ್ನು ಒಂದೊಂದು ಸಾಲಿನಲ್ಲಿ ಸೇರಿಸಿ. ಇಬ್ಬರೂ ಸಹಿ ಹಾಕಿ ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.