ತಡವಾದ ಬಿಲ್ಲಿಗೆ ದಿನದ ಬಡ್ಡಿ: ರಿಮೈಂಡರಿನಲ್ಲಿ ಹೇಗೆ ಬರೆಯಬೇಕು

"ಬೆಂಗಳೂರಲ್ಲೇ ಒಬ್ಬ ಲ್ಯಾಂಡ್‌ಸ್ಕೇಪ್ ಕಂಟ್ರಾಕ್ಟರಿಗೆ ಮಾರ್ಚ್ 1ಕ್ಕೆ 48,000 ರೂಪಾಯಿಯ ಪಾಟಿಂಗ್ ಮಿಕ್ಸ್ ಕೊಟ್ಟೆ. 30 ದಿನದ ಗಡುವು, ತಡವಾದರೆ 18% ಬಡ್ಡಿ ಅಂತ ಅವರ ಆರ್ಡರಿನಲ್ಲೇ ಇದೆ. ಏಪ್ರಿಲ್ 20ಕ್ಕೆ 20,000 ಬಂತು, ಆಮೇಲೆ ಫೋನೇ ಎತ್ತುತ್ತಿಲ್ಲ. ಇವತ್ತು ಮೇ 15. ದಿನಕ್ಕೆ ಇಷ್ಟು ಬಡ್ಡಿ ಅಂತ ಹೇಗೆ ಬರೆಯೋದು?"

ಅಕ್ಕಾ, ಮೊದಲು ಆ ಆರ್ಡರ್ ತೆಗೆದು 18% ಪಕ್ಕದಲ್ಲಿ "ವರ್ಷಕ್ಕೆ" ಅಂತ ಇದೆಯಾ ನೋಡಿ. ನಮ್ಮ ಕಡೆ ಬಾಯಿಮಾತಿನಲ್ಲಿ "ಎರಡು ರೂಪಾಯಿ ಬಡ್ಡಿ" ಅಂದರೆ ತಿಂಗಳಿಗೆ ನೂರಕ್ಕೆ ಎರಡು. ಬರೀ 18% ಅಂದರೆ ವರ್ಷಕ್ಕೋ, ಒಂದೇ ಸಲದ ದಂಡವೋ ಅಂತ ಅವರು ಎಳೆದಾಡಬಹುದು. ವರ್ಷಕ್ಕೆ ಅಂತಲೇ ಇದೆ ಅಂದುಕೊಂಡು ಲೆಕ್ಕ ಹಾಕುತ್ತೇನೆ.

ಗಡುವು ಮುಗಿದದ್ದು ಮಾರ್ಚ್ 31ಕ್ಕೆ. ಹಾಗಾಗಿ ಬಡ್ಡಿ ಏಪ್ರಿಲ್ 1ರಿಂದ. ಬಿಲ್ ತಾರೀಖಿನಿಂದ ಎಣಿಸಿದರೆ ಅವರ ಅಕೌಂಟೆಂಟ್ ಅದೊಂದನ್ನೇ ಹಿಡಿದು ಇಡೀ ಪತ್ರ ವಾಪಸ್ ಕಳಿಸುತ್ತಾರೆ. ಮಧ್ಯದಲ್ಲಿ ದುಡ್ಡು ಬಂದಿರುವುದರಿಂದ ಲೆಕ್ಕ ಎರಡು ತುಂಡಾಗುತ್ತದೆ. ದುಡ್ಡು ಬಂದ ದಿನವನ್ನು ಹಳೆ ಬಾಕಿಗೇ ಸೇರಿಸಿದ್ದೇನೆ:

```
48,000 × 18 ÷ 100 × 20 ÷ 365 = 473.42
28,000 × 18 ÷ 100 × 25 ÷ 365 = 345.21
```

ಒಟ್ಟು 818 ರೂಪಾಯಿ 63 ಪೈಸೆ. ನಾಳೆಯಿಂದ ದಿನಕ್ಕೆ 13 ರೂಪಾಯಿ 81 ಪೈಸೆ. ಇಲ್ಲೊಂದು ಸೂಕ್ಷ್ಮ ಇದೆ. ದಿನದ ಮೊತ್ತವನ್ನು ಮೊದಲೇ ಪೈಸೆಗೆ ಸರಿಮಾಡಿ ಆಮೇಲೆ ದಿನಗಳಿಂದ ಗುಣಿಸಬೇಡಿ. ಮೊದಲ ತುಂಡು 23.67ರ ಲೆಕ್ಕದಲ್ಲಿ 473.40 ಆಗುತ್ತದೆ. ಎರಡೇ ಪೈಸೆ ವ್ಯತ್ಯಾಸ, ಆದರೆ ನಿಮ್ಮ ಎಕ್ಸೆಲ್ ಒಂದು, ಪತ್ರ ಇನ್ನೊಂದು ಹೇಳಿದರೆ ಕೊಡದೇ ಇರಲು ಅವರಿಗೊಂದು ನೆಪ ಸಿಗುತ್ತದೆ. ನನಗೇ ಹೀಗಾಗಿತ್ತು. ಕುಂಡದ ಸ್ಟ್ಯಾಂಡಿನ ಬಿಲ್ಲಿಗೆ "ಲೆಕ್ಕ ತಾಳೆ ಆಗ್ತಿಲ್ಲ" ಅಂತ ಒಬ್ಬ ಗ್ರಾಹಕರು ಮೂರು ವಾರ ಸುಮ್ನೆ ತಳ್ಳಿದರು.

ಈ ಪ್ರಶ್ನೆಯ ಕೆಳಗೆ ಒಬ್ಬರು "45 ದಿನ ಆಗೋವರೆಗೂ ಬಡ್ಡಿ ಕೇಳುವ ಹಾಗಿಲ್ಲ" ಅಂದಿದ್ದಾರೆ. ಅದು ಅರ್ಧ ಸರಿ. 2006ರ ಎಂಎಸ್‌ಎಂಇ ಕಾಯ್ದೆಯಲ್ಲಿ 45 ದಿನ ಅನ್ನುವುದು ಗರಿಷ್ಠ ಮಿತಿ. 30ಕ್ಕೆ ಒಪ್ಪಿದ್ದರೆ 30ಕ್ಕೇ ಗಡುವು. ಏನೂ ಬರೆದುಕೊಂಡಿಲ್ಲದಿದ್ದರೆ 15 ದಿನ. ಆ ಕಾಯ್ದೆಯ ಬಡ್ಡಿಯೇ ಬೇರೆ: ರಿಸರ್ವ್ ಬ್ಯಾಂಕಿನ ಬ್ಯಾಂಕ್ ರೇಟಿನ ಮೂರು ಪಟ್ಟು, ತಿಂಗಳಿಗೊಮ್ಮೆ ಚಕ್ರಬಡ್ಡಿ. ಬ್ಯಾಂಕ್ ರೇಟ್ 5.5% ಇದ್ದರೆ 16.5% ಆಯ್ತು. ಆ ಬಡ್ಡಿ ಕೇಳಲು, ಮಾಲು ಕೊಡುವ ಮೊದಲೇ ನಿಮಗೆ ಉದ್ಯಮ್ ನೋಂದಣಿ ಇದ್ದರೆ ಜಗಳವಿಲ್ಲ. ಆಮೇಲೆ ಮಾಡಿಸಿದ್ದು ಹಳೆ ಬಿಲ್ಲಿಗೆ ನಡೆಯುತ್ತಾ ಅನ್ನುವುದು ಕೋರ್ಟುಗಳಲ್ಲೇ ಚರ್ಚೆಯಾಗಿರುವ ಮಾತು. ಬೇರೆಯವರ ಮಾಲು ತಂದು ಮಾರುವವರು ಇದನ್ನು ನಂಬಿಕೊಳ್ಳಬೇಡಿ, ಅವರಿಗೆ ಉದ್ಯಮ್ ನೋಂದಣಿ ಸಾಲದ ಸೌಲಭ್ಯಕ್ಕೆ ಮಾತ್ರ. ಎರಡರಲ್ಲಿ ಯಾವ ಲೆಕ್ಕ ಹಾಕಲಿ ಅಂದರೆ, ಮೊದಲ ರಿಮೈಂಡರಿಗೆ ಆರ್ಡರಿನ ದರವೇ ಸಾಕು ಅಂತ ನನ್ನ ಅಭಿಪ್ರಾಯ. ಇಲ್ಲಿರುವ ಸಿಎ ಒಬ್ಬರು ಒಪ್ಪುವುದಿಲ್ಲ ಅಂತ ಗೊತ್ತು. ಆದರೆ ಒಂದೇ ಪತ್ರದಲ್ಲಿ ಎರಡನ್ನೂ ಕಲಸಬೇಡಿ.

"18% ಜಿಎಸ್‌ಟಿ ಬಡ್ಡಿ ತಾನೇ?" ಅಂತ ಕೇಳಿದ ಅಣ್ಣನಿಗೆ: ಅಲ್ಲ. ಅದು ತೆರಿಗೆಯನ್ನು ತಡವಾಗಿ ಕಟ್ಟಿದರೆ ಸರ್ಕಾರಕ್ಕೆ ಕೊಡುವುದು. ಅಂಕಿ ಒಂದೇ ಇರುವುದರಿಂದ ಗೊಂದಲ ಅಷ್ಟೇ. ಆದರೆ ಅಕ್ಕಾ, ನೀವು ಜಿಎಸ್‌ಟಿಯಲ್ಲಿದ್ದರೆ, ಗ್ರಾಹಕರು ಕೊಡುವ ತಡದ ಬಡ್ಡಿಗೂ ಜಿಎಸ್‌ಟಿ ಇದೆ. ಅದು ಕೈಗೆ ಬಂದ ದಿನ ಲೆಕ್ಕಕ್ಕೆ ಬರುತ್ತದೆ, ಕೇಳಿದ ದಿನ ಅಲ್ಲ.

ಪತ್ರದ ಮುಖ್ಯ ಸಾಲುಗಳು ಹೀಗಿರಲಿ:

"ಮಾರ್ಚ್ 1ರ ಬಿಲ್, ಮೊತ್ತ ರೂ. 48,000. ಗಡುವು ಮಾರ್ಚ್ 31. ಏಪ್ರಿಲ್ 20ರಂದು ರೂ. 20,000 ಬಂದಿದೆ. ಉಳಿದ ಅಸಲು ರೂ. 28,000. ನಿಮ್ಮ ಆರ್ಡರಿನ ಷರತ್ತಿನಂತೆ ವರ್ಷಕ್ಕೆ 18% ಸರಳ ಬಡ್ಡಿ, ಏಪ್ರಿಲ್ 1ರಿಂದ ಮೇ 15ರವರೆಗೆ ರೂ. 818.63. ಮೇ 15ಕ್ಕೆ ಒಟ್ಟು ಬಾಕಿ ರೂ. 28,818.63. ಮೇ 16ರಿಂದ ಅಸಲು ತೀರುವವರೆಗೆ ದಿನಕ್ಕೆ ರೂ. 13.81 ಸೇರುತ್ತದೆ."

ಮೇಲೆ ಬಿಲ್ ನಂಬರ್, ಆರ್ಡರ್ ನಂಬರ್ ಹಾಕಿ. ಅಸಲು, ಬಡ್ಡಿ ಬೇರೆ ಬೇರೆ ಸಾಲಿನಲ್ಲಿರಲಿ. ಬಡ್ಡಿಯನ್ನು ಅಸಲಿಗೆ ಸೇರಿಸಿ ಅದರ ಮೇಲೆ ಮತ್ತೆ ಬಡ್ಡಿ ಹಾಕಬೇಡಿ, ಆರ್ಡರಿನಲ್ಲಿ ಚಕ್ರಬಡ್ಡಿ ಅಂತ ಇಲ್ಲವಲ್ಲ. ನಡುವೆ ಇನ್ನೊಂದಿಷ್ಟು ದುಡ್ಡು ಹಾಕಿದರೆ 13.81 ಸಲ್ಲುವುದಿಲ್ಲ, ಅದರ ಮಾರನೇ ದಿನದಿಂದ ಮೂರನೇ ತುಂಡು ಮಾಡಿ ಹೊಸ ಪತ್ರ ಕಳಿಸಿ.

ಅಕ್ಕಾ, ನೀವು ವಾಟ್ಸಾಪ್ ಜೊತೆಗೆ ಇಮೇಲಿನಲ್ಲೂ ಕಳಿಸಿ, ಆರ್ಡರಿನ ಪ್ರತಿ ಲಗತ್ತಿಸಿ.