ಪ್ರತಿ-ಆಫರ್ ಪತ್ರದಲ್ಲಿ ಮನೆ ಸಾಲಕ್ಕೇನು ಕೆಲಸ?

ಹೊಸ ಕೆಲಸದ ಆಫರ್ ಬಂದ ಮೇಲೆ ಇನ್ನೂ ಹೆಚ್ಚು ಸಂಬಳ ಕೇಳಿ ಆ ಕಂಪನಿಗೆ ಬರೆಯುವ ಪತ್ರದಲ್ಲಿ ಮನೆ ಖರ್ಚನ್ನೇ ಕಾರಣವಾಗಿ ಕೊಡುವವರು ಮತ್ತೆ ಮತ್ತೆ ನನ್ನ ಮುಂದೆ ಬರುತ್ತಾರೆ, ಹಾಗಾಗಿ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಏಳು ವರ್ಷ ಅನುಭವದ ಒಬ್ಬರಿಗೆ ವರ್ಷಕ್ಕೆ 20 ಲಕ್ಷದ ಆಫರ್ ಬಂದಿತ್ತು. ಅವರು ಬರೆದುಕೊಂಡು ಬಂದಿದ್ದ ಪತ್ರದಲ್ಲಿ 25 ಲಕ್ಷದ ಬೇಡಿಕೆಯಿತ್ತು. ಕಾರಣ, ಮನೆ ಸಾಲದ ಕಂತು ಮತ್ತು ಮಕ್ಕಳ ಶುಲ್ಕ.

"ಈ 20ರಲ್ಲಿ ಖಚಿತವಾಗಿ ಕೈಗೆ ಬರೋದೆಷ್ಟು?" ಅಂತ ಕೇಳಿದೆ. ಅವರು ಆಫರ್ ಬಿಡಿಸಿ ನೋಡಿದರು. ಫಿಕ್ಸೆಡ್ 16, ವೇರಿಯಬಲ್ 2.5, ಉಳಿದ 1.5 ಕಂಪನಿಯ ನಿವೃತ್ತಿ ನಿಧಿ ಪಾಲು ಮತ್ತು ವಿಮೆ. ಈಗಿನ ಕೆಲಸದಲ್ಲಿ ಫಿಕ್ಸೆಡ್ 15, ಜೊತೆಗೆ ಪ್ರತಿ ವರ್ಷ ತಪ್ಪದೆ ಸಿಗುವ ಬೋನಸ್ 1.4. "ಅಂದ್ರೆ ನಂಗೆ 40 ಸಾವಿರ ಕಡಿಮೆನೇ ಆಗುತ್ತಲ್ಲ!" ಎಂದರು. ಅಲ್ಲಿಂದ ಪತ್ರದ ಧಾಟಿಯೇ ಬದಲಾಯಿತು.

ಈಗ ಖಚಿತವಾಗಿರುವ 16.4 ಲಕ್ಷದ ಮೇಲೆ ಹತ್ತು ಶೇಕಡಾ ಸೇರಿಸಿ ಫಿಕ್ಸೆಡ್ 18 ಕೇಳಿ ಎಂದೆ. ಜಾಯ್ನಿಂಗ್ ಬೋನಸ್‌ಗೆ ಬೇರೆ ಲೆಕ್ಕ: ವರ್ಷದ ನಡುವೆ ಬಿಡುವುದರಿಂದ ಈ ಸಲ ಕೈತಪ್ಪುವ ಬೋನಸ್ 1.4, ನೋಟಿಸ್ ಅವಧಿ ಪೂರ್ತಿ ಮುಗಿಸದ್ದಕ್ಕೆ ಕಟ್ಟಬೇಕಾದ 80 ಸಾವಿರ, ಒಟ್ಟು 2.2. ಒಂದೇ ಬೋನಸ್ಸನ್ನು ಎರಡು ಸಲ ಕೇಳಿದಂತೆ ಕಾಣಬಹುದು. ಹಾಗಾಗಿ ಫಿಕ್ಸೆಡ್‌ನಲ್ಲಿರುವುದು ಮುಂದಿನ ವರ್ಷಗಳದ್ದು, 2.2ರಲ್ಲಿರುವುದು ಈ ವರ್ಷದ ನಷ್ಟ ಎಂದು ಪತ್ರದಲ್ಲೇ ಬಿಡಿಸಿ ಬರೆಸಿದೆ.

ಪತ್ರದ ಮುಖ್ಯ ಸಾಲು ಹೀಗಿತ್ತು: "ಫಿಕ್ಸೆಡ್ 18 ಲಕ್ಷ ಮತ್ತು ಜಾಯ್ನಿಂಗ್ ಬೋನಸ್ 2.2 ಲಕ್ಷಕ್ಕೆ ಪರಿಷ್ಕೃತ ಆಫರ್ ಕಳುಹಿಸಿದರೆ ಅಂದೇ ಸಹಿ ಮಾಡುತ್ತೇನೆ."

"ಇಷ್ಟೇ ಕೇಳೋದಾ ಸರ್?" ಅಂತ ಅವರಿಗೆ ಬೇಸರ. ಆದರೂ ನನ್ನ ಮಾತು ಬದಲಿಸಲಿಲ್ಲ. ಎಚ್‌ಆರ್‌ನವರು ಈ ಬೇಡಿಕೆಯನ್ನು ಮೇಲಿನವರ ಮುಂದೆ ಸಮರ್ಥಿಸಬೇಕು. ಸಾಲದ ಕಂತು ಅವರಿಗೆ ಅಲ್ಲಿ ಉಪಯೋಗಕ್ಕೆ ಬಾರದು, ಸ್ಯಾಲರಿ ಸ್ಲಿಪ್ ಬರುತ್ತದೆ. "17ರಿಂದ 18" ಎಂದು ಬರೆದರೆ ಅವರ ಕಣ್ಣಿಗೆ ಬೀಳುವುದು 17 ಮಾತ್ರ. ಇಲ್ಲದ ಇನ್ನೊಂದು ಆಫರ್ ತೋರಿಸಿದರೆ, ಅದರ ಪ್ರತಿ ಕೇಳಿದ ದಿನ ಕಥೆ ಮುಗಿಯಿತು.

ಎರಡನ್ನೂ ಬೇರೆಬೇರೆ ಕೇಳಿಸಿದ್ದಕ್ಕೂ ಕಾರಣವಿದೆ. ಫಿಕ್ಸೆಡ್‌ಗೆ ಆ ಹುದ್ದೆಯ ವೇತನ ಶ್ರೇಣಿಯ ಮಿತಿಯಿರುತ್ತದೆ, ಮುಂದಿನ ಇನ್‌ಕ್ರಿಮೆಂಟೂ ಅದರ ಮೇಲೆಯೇ. ಜಾಯ್ನಿಂಗ್ ಬೋನಸ್ ಒಮ್ಮೆ ಕೊಟ್ಟು ಮುಗಿಯುವ ಖರ್ಚು, ಅದಕ್ಕೆ ಒಪ್ಪಿಗೆ ಸಾಮಾನ್ಯವಾಗಿ ಸುಲಭ. ಇಲ್ಲೂ ಹಾಗೇ ಆಯಿತು. ಶ್ರೇಣಿಯ ಮಿತಿ ಹೇಳಿ ಫಿಕ್ಸೆಡ್ 17ಕ್ಕೆ ನಿಲ್ಲಿಸಿದರು, 2.2 ಪೂರ್ತಿ ಕೊಟ್ಟರು.

ಆದರೆ ಹೊಸ ಆಫರ್‌ನಲ್ಲಿ ಒಂದು ಷರತ್ತು ಸೇರಿತ್ತು: 12 ತಿಂಗಳೊಳಗೆ ಬಿಟ್ಟರೆ ಬೋನಸ್ ಪೂರ್ತಿ ವಾಪಸ್. ತೆರಿಗೆ ಕಳೆದು ಕೈಗೆ ಬರುವುದು ಕಡಿಮೆ, ಹಿಂದಿರುಗಿಸಬೇಕಾದದ್ದು 2.2! ದುಡಿದ ತಿಂಗಳುಗಳ ಪಾಲು ಕಳೆದು, ಕೈಗೆ ಬಂದ ಮೊತ್ತದ ಮೇಲೆ ಲೆಕ್ಕ ಹಾಕಿ ಎಂದು ಇನ್ನೊಂದು ಮೇಲ್ ಬರೆಸಿದೆ. ತಿಂಗಳ ಪಾಲಿಗೆ ಒಪ್ಪಿದರು, ತೆರಿಗೆಯ ವಿಷಯಕ್ಕೆ ಒಪ್ಪಲಿಲ್ಲ. ತಿದ್ದಿದ ಆಫರ್ ಲೆಟರ್ ಕೈಗೆ ಬಂದ ಮೇಲೆಯೇ ಅವರು ಹಳೇ ಕಂಪನಿಗೆ ರಾಜೀನಾಮೆ ಕೊಟ್ಟರು.