12 ಲಕ್ಷವನ್ನು ಒಂದೇ ಸಲ ಹಾಕಬೇಕೇ, ತಿಂಗಳ ಕಂತಿನಲ್ಲಿ ಹಾಕಬೇಕೇ?

ಪ್ರಶ್ನೆ: ತಂದೆಯವರ ಸೈಟ್ ಮಾರಿದ್ದರಲ್ಲಿ ನನ್ನ ಪಾಲಿಗೆ 12 ಲಕ್ಷ ಬಂದಿದೆ. ನಿಫ್ಟಿ ಇಂಡೆಕ್ಸ್ ಫಂಡ್‌ಗೆ ಹಾಕಬೇಕೆಂದಿದ್ದೇನೆ. ಮಾರುಕಟ್ಟೆ ಏರಿಳಿಯುತ್ತಿರುವಾಗ ತಿಂಗಳಿಗೆ ಒಂದು ಲಕ್ಷದಂತೆ ಹಾಕಿದರೆ ಯಾವಾಗಲೂ ಲಾಭ ಹೆಚ್ಚು ಅಂತ ನಮ್ಮ ಭಾವ ಹೇಳುತ್ತಾರೆ. ಅವರ ಮೊಬೈಲ್ ಆ್ಯಪ್‌ನಲ್ಲೂ ಕಂತಿನ ಹೂಡಿಕೆಗೇ ಜಾಸ್ತಿ ಶೇಕಡಾ ತೋರಿಸುತ್ತಿದೆ. ಇದು ನಿಜವೇ?
— ಓದುಗರು, ಶಿವಮೊಗ್ಗ

ಉತ್ತರ: ಭಾವನವರ ಮಾತಿನಲ್ಲಿ "ಯಾವಾಗಲೂ" ಎನ್ನುವುದೊಂದನ್ನು ನಾನು ಒಪ್ಪುವುದಿಲ್ಲ. ಏಕೆಂದು ಹೇಳಲು 2020ರ ಲೆಕ್ಕವನ್ನೇ ಬಿಡಿಸುತ್ತೇನೆ. ಅದಕ್ಕಿಂತ ದೊಡ್ಡ ಏರಿಳಿತವನ್ನು ಈಚೆಗೆ ನಾವು ನೋಡಿಲ್ಲ.

ಲೆಕ್ಕ ಸುಲಭವಾಗಲೆಂದು ನಿಫ್ಟಿಯ ನೂರನೇ ಒಂದು ಭಾಗವನ್ನು ಒಂದು ಯೂನಿಟ್‌ನ ಬೆಲೆ ಎಂದುಕೊಳ್ಳೋಣ. ಡಿವಿಡೆಂಡ್, ಖರ್ಚು ಬದಿಗಿರಲಿ. 2019ರ ಡಿಸೆಂಬರ್ 31ರಂದು ನಿಫ್ಟಿ 12,168ರಲ್ಲಿತ್ತು, ಅಂದರೆ ಯೂನಿಟ್‌ಗೆ ಸುಮಾರು 121.68 ರೂಪಾಯಿ. ಆ ದಿನ ಪೂರ್ತಿ 12 ಲಕ್ಷ ಹಾಕಿದವರಿಗೆ 9,862 ಯೂನಿಟ್ ಸಿಕ್ಕಿತು. ಅದೇ ದಿನ ಶುರುಮಾಡಿ ಪ್ರತಿ ತಿಂಗಳ ಕೊನೆಯ ವಹಿವಾಟಿನ ದಿನ ಒಂದೊಂದು ಲಕ್ಷದಂತೆ ನವೆಂಬರ್‌ವರೆಗೆ ಹನ್ನೆರಡು ಕಂತು ಹಾಕಿದವರಿಗೆ 11,043 ಯೂನಿಟ್ ಸಿಕ್ಕಿತು. 2020ರ ಡಿಸೆಂಬರ್ ಕೊನೆಗೆ ನಿಫ್ಟಿ 13,982. ಒಂದೇ ಸಲ ಹಾಕಿದವರ ಹಣ 13.79 ಲಕ್ಷವಾಗಿತ್ತು, ಕಂತಿನವರದ್ದು 15.44 ಲಕ್ಷ. ಭಾವನವರು ಇಲ್ಲಿ ಗೆದ್ದರು.

ಈಗ ಶುರುವಿನ ದಿನವನ್ನು ಮೂರೇ ತಿಂಗಳು ಮುಂದಕ್ಕೆ, 2020ರ ಮಾರ್ಚ್ 31ಕ್ಕೆ ಸರಿಸಿ. ಆ ದಿನ ನಿಫ್ಟಿ 8,598. ಒಂದೇ ಸಲ ಹಾಕಿದವರ 12 ಲಕ್ಷ 2021ರ ಮಾರ್ಚ್ 31ಕ್ಕೆ 20.50 ಲಕ್ಷ ಆಯಿತು. ಹನ್ನೆರಡು ಕಂತು ಕಟ್ಟಿದವರದ್ದು 15.61 ಲಕ್ಷಕ್ಕೆ ನಿಂತಿತು. ಮಾರುಕಟ್ಟೆ ಅದೇ, ಕಾಲವೂ ಹೆಚ್ಚುಕಡಿಮೆ ಅದೇ, ಆದರೆ ಫಲ ತಿರುಗುಮುರುಗು.

ಕೊನೆಗೆ ಬೆಲೆ ಎಲ್ಲಿಗೆ ಬಂದು ನಿಂತಿತು ಎನ್ನುವುದಕ್ಕೂ ಯಾರು ಗೆದ್ದರು ಎನ್ನುವುದಕ್ಕೂ ಸಂಬಂಧವಿಲ್ಲ. ಯಾರ ಕೈಯಲ್ಲಿ ಹೆಚ್ಚು ಯೂನಿಟ್ ಇದೆಯೋ ಅವರೇ ಮುಂದೆ, ಬೆಲೆ ಎಷ್ಟೇ ಇರಲಿ. ಹಾಗಾಗಿ ಕೇಳಬೇಕಾದ್ದು ಒಂದೇ: ಹನ್ನೆರಡು ಕಂತುಗಳಲ್ಲಿ ನೀವು ಕೊಟ್ಟ ಸರಾಸರಿ ಬೆಲೆ ಮೊದಲ ದಿನದ ಬೆಲೆಗಿಂತ ಕಡಿಮೆಯೋ, ಹೆಚ್ಚೋ? ಮೊದಲ ಲೆಕ್ಕದಲ್ಲಿ ಆ ಸರಾಸರಿ 108.67, ಮೊದಲ ದಿನದ ಬೆಲೆ 121.68. ಎರಡನೆಯದರಲ್ಲಿ ಸರಾಸರಿ 112.90, ಮೊದಲ ದಿನದ ಬೆಲೆ 85.98.

"ಏರಿಳಿತ ಇದ್ದಷ್ಟೂ ಕಂತಿಗೆ ಒಳ್ಳೆಯದು" ಎಂಬ ನಂಬಿಕೆ ಎಲ್ಲಿಂದ ಬಂತು ಅಂತೀರಾ? ಟೊಮೆಟೊ ತರುವ ಲೆಕ್ಕ ನೋಡಿ. ಪ್ರತಿ ವಾರ 100 ರೂಪಾಯಿಯ ಟೊಮೆಟೊ ತರುತ್ತೀರಿ. ಕಿಲೋಗೆ 20 ಇದ್ದ ವಾರ 5 ಕಿಲೋ ಬಂತು, 50 ಆದ ವಾರ 2 ಕಿಲೋ. ಎರಡು ವಾರದ ದರದ ಸರಾಸರಿ 35. ಆದರೆ 200 ರೂಪಾಯಿಗೆ 7 ಕಿಲೋ ಬಂದಿದೆ, ಅಂದರೆ ಕಿಲೋಗೆ 28 ರೂಪಾಯಿ 57 ಪೈಸೆ ಬಿದ್ದಂತಾಯಿತು. ಅಗ್ಗವಾದಾಗ ತಾನಾಗಿಯೇ ಹೆಚ್ಚು ಕೊಂಡಿದ್ದರ ಫಲ ಇದು. ಈ ಗುಣ ನಿಜವಾದದ್ದೇ. ಆದರೆ ಟೊಮೆಟೊ ದರದಷ್ಟು ನಿಫ್ಟಿ ಕುಣಿಯುವುದಿಲ್ಲ. 2020ರ ಆ ಹನ್ನೆರಡು ಬೆಲೆಗಳ ಸಾಮಾನ್ಯ ಸರಾಸರಿ 109.99, ಕಂತಿನವರು ಕೊಟ್ಟದ್ದು 108.67. ಅಂಥ ವರ್ಷದಲ್ಲೂ ಏರಿಳಿತದಿಂದಲೇ ದಕ್ಕಿದ್ದು ಯೂನಿಟ್‌ಗೆ 1 ರೂಪಾಯಿ 32 ಪೈಸೆ. ಮಿಕ್ಕ ಲಾಭವೆಲ್ಲ ಶುರುವಾದ ಮೇಲೆ ಬೆಲೆ ಕುಸಿದದ್ದರಿಂದ ಬಂತು, ಅದನ್ನು ಮೊದಲೇ ಹೇಳಬಲ್ಲವರು ಯಾರೂ ಇಲ್ಲ. ಬೆಲೆ 100ರಿಂದ 140ಕ್ಕೆ ಏರಿ ಮತ್ತೆ 100ಕ್ಕೆ ಇಳಿದರೆ ಅದೂ ಏರಿಳಿತವೇ, ಆದರೆ ಅಲ್ಲಿ ಕಂತಿನವರಿಗೆ ನಷ್ಟ. ಮಾರುಕಟ್ಟೆ ಇಳಿಯುವ ವರ್ಷಗಳಿಗಿಂತ ಏರುವ ವರ್ಷಗಳೇ ಹೆಚ್ಚು, ಹಾಗಾಗಿ ದೀರ್ಘಕಾಲದ ಲೆಕ್ಕದಲ್ಲಿ ಒಂದೇ ಸಲ ಹಾಕುವುದೇ ಹೆಚ್ಚು ಬಾರಿ ಗೆಲ್ಲುತ್ತದೆ. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳ ಹಳೆಯ ಬೆಲೆಗಳನ್ನು ಇಟ್ಟುಕೊಂಡು ವ್ಯಾನ್‌ಗಾರ್ಡ್ ಸಂಸ್ಥೆ 2012ರಲ್ಲಿ ಮಾಡಿದ ಅಧ್ಯಯನದಲ್ಲಿ ಮೂರರಲ್ಲಿ ಸುಮಾರು ಎರಡು ಪಾಲು ಸಲ ಹೀಗೇ ಆಗಿತ್ತು.

ಆ್ಯಪ್ ತೋರಿಸುವ ಶೇಕಡಾವನ್ನು ಈ ಹೋಲಿಕೆಗೆ ಬಳಸಲೇಬೇಡಿ. 2020ರ ಕಂತಿನ ಲೆಕ್ಕವನ್ನು ಅಲ್ಲಿ ಹಾಕಿದರೆ ವಾರ್ಷಿಕ ಗಳಿಕೆ ಶೇ 50ಕ್ಕಿಂತ ಮೇಲೆ ಕಾಣುತ್ತದೆ, ಒಂದೇ ಸಲ ಹಾಕಿದ್ದಕ್ಕೆ ಶೇ 15ರ ಆಸುಪಾಸು. ಮೂರು ಪಟ್ಟಿಗೂ ಹೆಚ್ಚಲ್ಲವೇ ಅನ್ನಿಸುತ್ತದೆ, ಆದರೆ ರೂಪಾಯಿಯಲ್ಲಿ ವ್ಯತ್ಯಾಸ 1.65 ಲಕ್ಷ ಅಷ್ಟೆ. ಆ್ಯಪ್ ಫಂಡ್‌ಗೆ ಇಳಿದ ಹಣವನ್ನು, ಇಳಿದ ದಿನದಿಂದ ಮಾತ್ರ ಲೆಕ್ಕಕ್ಕೆ ಹಿಡಿಯುತ್ತದೆ. ಸರದಿ ಕಾಯುತ್ತ ಬ್ಯಾಂಕಿನಲ್ಲಿ ಕೂತ ಹಣ ಅದರ ಕಣ್ಣಿಗೆ ಬೀಳುವುದಿಲ್ಲ. ಆ ಹಣವೂ ನಿಮ್ಮದೇ ತಾನೆ? ಹನ್ನೆರಡು ಕಂತಾದರೆ ಸರಾಸರಿ ಐದೂವರೆ ಲಕ್ಷ ವರ್ಷಪೂರ್ತಿ ಕಾದಂತೆ. ಶೇ 6ರಂತೆ ಹಿಡಿದರೂ 33,000 ರೂಪಾಯಿ ಬಡ್ಡಿ. ಅದನ್ನು ಕಂತಿನ ಪಕ್ಕಕ್ಕೆ ಸೇರಿಸಿ, ಎರಡೂ ಕಡೆ ಕೊನೆಯ ದಿನದ ಒಟ್ಟು ರೂಪಾಯಿಯನ್ನೇ ಹೋಲಿಸಿ.

ಹಾಗಾದರೆ ಕಂತು ಯಾಕೆ ಬೇಕು? ನಡುವಿನ ದಿನಗಳಿಗಾಗಿ. 2020ರ ಮಾರ್ಚ್ 23ರಂದು ನಿಫ್ಟಿ 7,610ಕ್ಕೆ ಬಿತ್ತು. ಡಿಸೆಂಬರ್‌ನಲ್ಲಿ 12 ಲಕ್ಷ ಹಾಕಿದವರು ಆ ಸಂಜೆ ನೋಡಿದ್ದು 7.5 ಲಕ್ಷ. ಕಂತಿನವರು ಮೂರು ಲಕ್ಷವನ್ನಷ್ಟೇ ಹಾಕಿದ್ದರು. ಬ್ಯಾಂಕಿನ 9 ಲಕ್ಷವೂ ಸೇರಿ ಅವರ ಬಳಿ 10.94 ಲಕ್ಷ ಇತ್ತು. ಆದರೆ ಈ ರಕ್ಷಣೆ ಕಂತು ನಡೆಯುವಷ್ಟು ದಿನ ಮಾತ್ರ. ಹನ್ನೆರಡನೆಯ ಕಂತು ಹೋದ ಮರುದಿನ ಕುಸಿದರೆ ಇಬ್ಬರದ್ದೂ ಒಂದೇ ಪಾಡು.

ನಾನು ನೋಡಿದ ಹಾಗೆ ಜನ ಕೈಸುಟ್ಟುಕೊಳ್ಳುವುದು ಬೇರೆ ಕಡೆ. ಕುಸಿತ ಕಂಡು ಕಂತು ನಿಲ್ಲಿಸುತ್ತಾರೆ. ಮೊದಲ ಲೆಕ್ಕದವರು ಮಾರ್ಚ್‌ನಿಂದ ಜೂನ್‌ವರೆಗಿನ ನಾಲ್ಕು ಕಂತು ತಡೆದು, "ಸ್ವಲ್ಪ ತಿಳಿಯಾಗಲಿ" ಎಂದು ನವೆಂಬರ್ ಕೊನೆಗೆ ಆ ನಾಲ್ಕು ಲಕ್ಷ ಹಾಕಿದ್ದರೆ 15.44 ಲಕ್ಷದ ಬದಲು 13.89 ಲಕ್ಷ ಆಗುತ್ತಿತ್ತು. ಇಡೀ ವರ್ಷ ಕಾದದ್ದಕ್ಕೆ ಒಂದೇ ಸಲ ಹಾಕಿದವರಿಗಿಂತ ಹೆಚ್ಚು ಉಳಿದದ್ದು ಹತ್ತು ಸಾವಿರ.

ಇನ್ನು ನಿಮ್ಮ ವಿಷಯ. ಈ ಹಣ ಏಳೆಂಟು ವರ್ಷ ಬೇಡವೆಂದಿದ್ದರೆ, ಮೂರು ತಿಂಗಳಲ್ಲಿ ಅದು 7.5 ಲಕ್ಷವಾದರೂ ಮಾರದೆ ಕೂರಬಲ್ಲೆ ಎಂದು ಮನೆಯವರ ಮುಂದೆ ಹೇಳಬಲ್ಲಿರಾದರೆ, ಒಂದೇ ಸಲ ಹಾಕಿ. ಆ ಧೈರ್ಯ ಇಲ್ಲದಿದ್ದರೆ ಹನ್ನೆರಡು ಬೇಡ, ಆರು ಕಂತು ಸಾಕು. ಪೂರ್ತಿ ಹಣವನ್ನು ನಿಮ್ಮ ಇಂಡೆಕ್ಸ್ ಫಂಡ್ ನಡೆಸುವ ಸಂಸ್ಥೆಯದ್ದೇ ಆದ, ಅಲ್ಪಾವಧಿ ಸಾಲಪತ್ರಗಳಲ್ಲಿ ಹಣ ಇಡುವ ಲಿಕ್ವಿಡ್ ಫಂಡ್‌ಗೆ ಹಾಕಿ, ಅಲ್ಲಿಂದ ತಿಂಗಳಿಗೆ ಎರಡು ಲಕ್ಷ ತಾನಾಗಿ ಇಂಡೆಕ್ಸ್ ಫಂಡ್‌ಗೆ ಹೋಗುವಂತೆ ಎಸ್‌ಟಿಪಿ ಎಂಬ ವರ್ಗಾವಣೆಯ ಸೂಚನೆ ಬರೆದುಕೊಡಿ. ಪ್ರತಿ ವರ್ಗಾವಣೆಯೂ ತೆರಿಗೆಯ ಲೆಕ್ಕದಲ್ಲಿ ಲಿಕ್ವಿಡ್ ಫಂಡ್‌ನ ಮಾರಾಟವೇ, ಅದರ ಸಣ್ಣ ಲಾಭ ನಿಮ್ಮ ಆದಾಯಕ್ಕೆ ಸೇರುತ್ತದೆ. ಇಂಡೆಕ್ಸ್ ಫಂಡ್‌ನಲ್ಲಿ ಒಂದು ವರ್ಷ ತುಂಬುವುದನ್ನೂ ಕಂತು ಕಂತಿಗೆ ಬೇರೆಬೇರೆಯಾಗಿ ಎಣಿಸುತ್ತಾರೆ. ಕೊನೆಯ ಕಂತು ಹಾಕಿದ ದಿನದಿಂದ ಒಂದು ವರ್ಷ ಆಗುವ ಮೊದಲು ಪೂರ್ತಿ ತೆಗೆದರೆ, ಆ ಕಂತಿನ ಲಾಭಕ್ಕೆ ಹೆಚ್ಚಿನ ದರದ ತೆರಿಗೆ ಬೀಳುತ್ತದೆ.